ಶೇ 99 ನಿಖರತೆ ಬಂದಾಗಿದೆ, ಮತ್ತೆ ನಿಮ್ಮ ಪ್ರಾಜೆಕ್ಟ್ ಯಾಕೆ?

ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟೊಂದನ್ನು ತೆಗೆದು ನೋಡಿ. ಎರಡನೇ ಅಧ್ಯಾಯ ಬಹುಮಟ್ಟಿಗೆ ‘ಲಿಟರೇಚರ್ ಸರ್ವೆ’ಯೇ ಆಗಿರುತ್ತದೆ. ಅದರಲ್ಲಿ ಹತ್ತೋ ಹದಿನೈದೋ ಪ್ಯಾರಾಗಳು. ಪ್ರತಿಯೊಂದೂ ಯಾವುದೋ ಪೇಪರಿನ ಲೇಖಕರ ಹೆಸರಿನಿಂದ ಶುರುವಾಗಿ, ಅವರು ಇಂಥ ವಿಧಾನ ಬಳಸಿದರು, ಇಷ್ಟು ನಿಖರತೆ ಬಂತು ಎಂದು ಮುಗಿಯುತ್ತದೆ. ಈ ಪ್ಯಾರಾಗಳನ್ನು ಹಿಂದುಮುಂದು ಮಾಡಿದರೂ, ನಡುವೆ ನಾಲ್ಕನ್ನು ಕಿತ್ತು ಹಾಕಿದರೂ ರಿಪೋರ್ಟಿಗೆ ಏನೂ ಆಗುವುದಿಲ್ಲ. ಅಧ್ಯಾಯಕ್ಕೆ ಕೆಲಸವೇ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಆದರೆ ಇಡೀ ರಿಪೋರ್ಟಿನಲ್ಲಿ ಅತಿ ಕಷ್ಟದ ಕೆಲಸ ಇರುವುದು ಈ ಅಧ್ಯಾಯಕ್ಕೇ. ಈ ಸಮಸ್ಯೆ ನಿಜವಾದದ್ದು, ಇದರ ಬಗ್ಗೆ ಇಷ್ಟು ಕೆಲಸ ಆಗಿದೆ, ಇಂಥ ಒಂದು ಜಾಗ ಇನ್ನೂ ಖಾಲಿ ಇದೆ, ನಾವು ಅಲ್ಲಿ ಕೈ ಹಾಕುತ್ತಿದ್ದೇವೆ ಎಂದು ಓದುಗರನ್ನು ಒಪ್ಪಿಸಬೇಕಾದದ್ದು ಇಲ್ಲಿಯೇ. ಹೇಗೆ ಎಂಬುದನ್ನು ಒಂದೇ ಒಂದು ಪ್ರಾಜೆಕ್ಟ್ ಹಿಡಿದು ನೋಡೋಣ. ನಾಲ್ವರು ವಿದ್ಯಾರ್ಥಿಗಳ ಒಂದು ತಂಡ ಇದೆ ಎಂದುಕೊಳ್ಳಿ. ಕೋಲಾರದ ಟೊಮೆಟೊ ರೈತರು ಫೋನಿನಲ್ಲಿ ಎಲೆಯ ಫೋಟೊ ತೆಗೆದರೆ ರೋಗ ಯಾವುದೆಂದು ಹೇಳುವ ಆ್ಯಪ್ ಮಾಡುವುದು ಅವರ ಆಲೋಚನೆ. ಈ ವಿಷಯವನ್ನೇ ಆರಿಸಿಕೊಂಡದ್ದು ಯಾಕೆಂದರೆ, ಎಲೆರೋಗ ಪತ್ತೆ ನಮ್ಮ ಕಾಲೇಜುಗಳಲ್ಲಿ ವರ್ಷವರ್ಷವೂ ಬರುವ ಪ್ರಾಜೆಕ್ಟ್. ಅದರ ಸರ್ವೆ ಅಧ್ಯಾಯ ವರ್ಷವರ್ಷವೂ ಒಂದೇ ಕಡೆ ಎಡವುತ್ತದೆ.

ತಂಡ ಹುಡುಕಲು ಕೂತರೆ ಮೊದಲಿಗೆ ಸಿಗುವ ಪೇಪರುಗಳಲ್ಲಿ ಒಂದು ಮೊಹಾಂತಿ, ಹ್ಯೂಸ್ ಮತ್ತು ಸಲಾಥೆ 2016ರಲ್ಲಿ ಪ್ರಕಟಿಸಿದ್ದು. ‘ಪ್ಲಾಂಟ್‌ವಿಲೇಜ್’ ಎಂಬ ಸಾರ್ವಜನಿಕ ಸಂಗ್ರಹದ 54,306 ಎಲೆಚಿತ್ರಗಳು, 14 ಬೆಳೆಗಳು, 26 ರೋಗಗಳು. ಕಂಪ್ಯೂಟರಿಗೆ ಕಲಿಸಿ ಪರೀಕ್ಷಿಸಿದಾಗ ಸಿಕ್ಕ ಅತ್ಯುತ್ತಮ ನಿಖರತೆ ಶೇ 99.35. ವಿದ್ಯಾರ್ಥಿಗಳು ಈ ಅಂಕಿಯನ್ನು ಬರೆದುಕೊಂಡು ಮುಂದಿನ ಪೇಪರಿಗೆ ಹೋಗುತ್ತಾರೆ. ರಿಪೋರ್ಟಿನ ಕೊನೆಯಲ್ಲಿ ತಮ್ಮದು ಶೇ 97 ಬಂತು ಎಂದೂ ಬರೆಯುತ್ತಾರೆ. ವೈವಾದಲ್ಲಿ ಪರೀಕ್ಷಕರು ಕೇಳುವುದು ಸರಳವಾದ ಪ್ರಶ್ನೆ: ‘ಶೇ 99 ಬಂದಾಗಿದೆಯಲ್ಲ, ನೀವು ಮಾಡಿದ್ದು ಯಾಕಪ್ಪ?’

ಈ ಪ್ರಶ್ನೆಗೆ ಉತ್ತರ ಅದೇ ಪೇಪರಿನಲ್ಲಿದೆ, ಕೆಲವು ಪುಟ ಮುಂದೆ. ಲೇಖಕರು ಅದೇ ಮಾದರಿಗೆ ಬೇರೆ ಮೂಲಗಳಿಂದ ತಂದ, ಬೇರೆ ಸ್ಥಿತಿಯಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟು ನೋಡಿದ್ದಾರೆ. ನಿಖರತೆ ಸುಮಾರು ಶೇ 31ಕ್ಕೆ ಇಳಿದಿದೆ. ಇದನ್ನು ಅವರು ಮುಚ್ಚಿಡದೆ ತಾವೇ ಬರೆದಿದ್ದಾರೆ. ಅಬ್‌ಸ್ಟ್ರ್ಯಾಕ್ಟ್‌ನಲ್ಲಿ ಕಣ್ಣಿಗೆ ಬೀಳುವ ದೊಡ್ಡ ಅಂಕಿಯನ್ನಷ್ಟೇ ತೆಗೆದುಕೊಂಡು ಹೋದವರಿಗೆ ಈ ಮಾತು ಸಿಗಲೇ ಇಲ್ಲ. ನನ್ನ ಮಟ್ಟಿಗೆ ಸರ್ವೆ ಬರೆಯುವವರು ಕಲಿಯಬೇಕಾದ ಮೊದಲ ಅಭ್ಯಾಸ ಇದೇ: ಪೇಪರಿನ ಫಲಿತಾಂಶ ಓದಿದ ಮೇಲೆ ಅದರ ಚರ್ಚೆ ಮತ್ತು ಮಿತಿಗಳ ಭಾಗವನ್ನು ಎರಡು ಸಲ ಓದಬೇಕು. ಗ್ಯಾಪನ್ನು ನಾವು ಕಷ್ಟಪಟ್ಟು ಕಲ್ಪಿಸಿಕೊಳ್ಳಬೇಕಿಲ್ಲ. ಒಳ್ಳೆಯ ಸಂಶೋಧಕರು ಅದನ್ನು ತೋರಿಸಿಯೇ ಹೋಗಿರುತ್ತಾರೆ.

ಇನ್ನು ಈ ಎಳೆ ಹಿಡಿದು ಮುಂದಕ್ಕೆ ಹೋಗಬೇಕು. ಗೂಗಲ್ ಸ್ಕಾಲರ್‌ನಲ್ಲಿ ಪ್ರತಿ ಪೇಪರಿನ ಕೆಳಗೆ `Cited by` ಎಂದು ಇರುತ್ತದೆ. ಅದನ್ನು ಒತ್ತಿದರೆ ಆ ಪೇಪರನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬುದು ಕಾಣುತ್ತದೆ. ಹಾಗೆ ಹೋದರೆ 2018ರ ಫೆರೆಂಟಿನೋಸ್ ಪೇಪರ್ ಸಿಗುತ್ತದೆ. ಅವರದು 87,848 ಚಿತ್ರಗಳ ಇನ್ನೂ ದೊಡ್ಡ ಸಂಗ್ರಹ, ನಿಖರತೆ ಶೇ 99.53. ಆದರೆ ಪ್ರಯೋಗಾಲಯದ ಚಿತ್ರಗಳಲ್ಲಿ ಮಾತ್ರ ಕಲಿಸಿ ಹೊಲದ ಚಿತ್ರಗಳಲ್ಲಿ ಪರೀಕ್ಷಿಸಿದಾಗ ಅಲ್ಲಿಯೂ ಶೇ 33ರ ಆಸುಪಾಸಿಗೆ ಬಿದ್ದಿತು. ಬೇರೆ ಬೇರೆಯಾಗಿ ಮಾಡಿದ ಎರಡು ಅಧ್ಯಯನಗಳು ಒಂದೇ ಮಾತು ಹೇಳುತ್ತಿವೆ. ಈಗ ಅದು ಒಂದು ಪೇಪರಿನ ವಿಶೇಷವಲ್ಲ, ಕ್ಷೇತ್ರದ ಸಮಸ್ಯೆ.

ಹಾಗಾಗುವುದು ಯಾಕೆ? ಪ್ಲಾಂಟ್‌ವಿಲೇಜ್ ಚಿತ್ರಗಳನ್ನು ತೆಗೆದು ನೋಡಿದರೆ ಅರ್ಧ ಉತ್ತರ ಕಣ್ಣೆದುರೇ ಇದೆ. ಅವು ಅಮೆರಿಕದ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಎಲೆಯನ್ನು ಕಿತ್ತು, ಒಂದೇ ಬಣ್ಣದ ಹಾಳೆಯ ಮೇಲಿಟ್ಟು ತೆಗೆದವು. ಒಂದು ಫೋಟೊದಲ್ಲಿ ಒಂದೇ ಎಲೆ. ಕೋಲಾರದ ತೋಟದಲ್ಲಿ ರೈತರು ತೆಗೆಯುವ ಫೋಟೊದಲ್ಲಿ ಹತ್ತು ಎಲೆ, ಕಟ್ಟಿದ ಕೋಲು, ದಾರ, ಮಣ್ಣು, ಮಲ್ಚಿಂಗ್ ಹಾಳೆಯ ಹೊಳಪು, ಅವರದೇ ನೆರಳು ಎಲ್ಲವೂ ಇರುತ್ತವೆ. ಇನ್ನರ್ಧ ಉತ್ತರ 2022ರಲ್ಲಿ ನೋಯಾನ್ ಎಂಬ ಸಂಶೋಧಕರು ಮಾಡಿದ ಒಂದು ಚುರುಕು ಪ್ರಯೋಗದಲ್ಲಿದೆ. ಅವರು ಎಲೆಯನ್ನು ತೋರಿಸಲೇ ಇಲ್ಲ. ಪ್ರತಿ ಚಿತ್ರದ ಹಿನ್ನೆಲೆಯಿಂದ ಬರೀ 8 ಪಿಕ್ಸೆಲ್ ತೆಗೆದು ಅಷ್ಟರಿಂದಲೇ ರೋಗ ಊಹಿಸಲು ಕಲಿಸಿದರು. ಸುಮ್ಮನೆ ಊಹಿಸಿದ್ದರೆ ಶೇ 2.6 ಸರಿಯಾಗಬೇಕಿತ್ತು, ಸರಿಯಾದದ್ದು ಶೇ 49. ಅಂದರೆ ರೋಗದ ಸುಳಿವು ಹಿನ್ನೆಲೆಯ ಹಾಳೆಯಲ್ಲೇ ಸೋರಿಕೊಂಡಿದೆ. ಶೇ 99ರಲ್ಲಿ ಎಷ್ಟು ಭಾಗ ಎಲೆ ನೋಡಿ ಬಂದದ್ದು, ಎಷ್ಟು ಭಾಗ ಹಾಳೆ ನೋಡಿ ಬಂದದ್ದು ಎಂಬುದು ತೆರೆದ ಪ್ರಶ್ನೆಯಾಗಿ ಉಳಿಯುತ್ತದೆ.

ಈ ಮೂರು ಪೇಪರುಗಳನ್ನು ಹೀಗೆ ಒಂದರ ಹಿಂದೆ ಒಂದು ಇಟ್ಟಾಗ ಅವು ಪಟ್ಟಿಯಾಗಿ ಉಳಿಯುವುದಿಲ್ಲ. ಮೊದಲನೆಯದು ಸಾಧನೆ ತೋರಿಸಿ ಅದರ ಮಿತಿಯನ್ನೂ ಹೇಳಿತು, ಎರಡನೆಯದು ಆ ಮಿತಿಯನ್ನು ಖಚಿತಪಡಿಸಿತು, ಮೂರನೆಯದು ಕಾರಣದ ಕಡೆ ಬೆರಳು ಮಾಡಿತು. ಕ್ರಮ ಬದಲಾಯಿಸಿದರೆ ವಾದ ಕೆಡುತ್ತದೆ. ಕೆಡಬೇಕು, ಒಳ್ಳೆಯ ಸರ್ವೆಯ ಗುರುತೇ ಅದು.

ಇದಕ್ಕೆ ಮೊದಲು ಒಂದು ಕೋಷ್ಟಕ ಬೇಕು. ಈಗ ರಿಪೋರ್ಟುಗಳಲ್ಲಿ ಬರುವ ಕೋಷ್ಟಕದಲ್ಲಿ ಲೇಖಕರು, ವರ್ಷ, ವಿಧಾನ, ನಿಖರತೆ, ಕೊನೆಗೆ ‘ನ್ಯೂನತೆ’ ಎಂಬ ಕಾಲಮ್ ಇರುತ್ತದೆ. ಆ ಕೊನೆಯ ಕಾಲಮ್ಮಿನಲ್ಲಿ ‘ಇನ್ನಷ್ಟು ಡೇಟಾ ಬೇಕು’, ‘ನಿಖರತೆ ಹೆಚ್ಚಿಸಬಹುದು’ ಎಂದು ಬರೆದಿರುತ್ತಾರೆ. ಯಾವ ಪೇಪರಿನ ಮುಂದೆ ಬೇಕಾದರೂ ಬರೆಯಬಹುದಾದ ಮಾತು ಯಾವ ಪೇಪರಿನ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ನಮ್ಮ ತಂಡದ ಕೋಷ್ಟಕದ ಕಾಲಮ್ಮುಗಳು ಬೇರೆಯೇ ಆಗಬೇಕು: ಫೋಟೊ ಎಲ್ಲಿ ತೆಗೆದದ್ದು, ಹಿನ್ನೆಲೆ ಏನು, ರೋಗದ ಹೆಸರು ಬರೆದವರು ಸಸ್ಯರೋಗ ತಜ್ಞರೋ ಅಲ್ಲವೋ, ಕಲಿಸಿದ ಚಿತ್ರಗಳೂ ಪರೀಕ್ಷೆಯ ಚಿತ್ರಗಳೂ ಒಂದೇ ಮೂಲದವೋ ಬೇರೆಯವೋ. ಸಮಸ್ಯೆಗೆ ತಕ್ಕಂತೆ ಕಾಲಮ್ ಹಾಕಿದ ಕೂಡಲೇ ಯಾವ ಚೌಕ ಖಾಲಿ ಎಂಬುದು ತಾನಾಗಿ ಕಾಣುತ್ತದೆ.

ಇದರಲ್ಲಿ ಕೊನೆಯ ಕಾಲಮ್ಮಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಪ್ಲಾಂಟ್‌ವಿಲೇಜ್‌ನಲ್ಲಿ ಒಂದೇ ಎಲೆಯನ್ನು ಬೇರೆ ಬೇರೆ ಕೋನದಿಂದ ತೆಗೆದ ಚಿತ್ರಗಳು ಬಹಳ ಇವೆ. 2016ರ ಪೇಪರಿನವರು ತಮಗೆ ಮಾಹಿತಿ ಇದ್ದ ಕಡೆಯೆಲ್ಲ, ಒಂದು ಎಲೆಯ ಎಲ್ಲ ಚಿತ್ರಗಳೂ ಕಲಿಕೆಯ ಗುಂಪಿಗೋ ಪರೀಕ್ಷೆಯ ಗುಂಪಿಗೋ ಒಂದೇ ಕಡೆ ಹೋಗುವಂತೆ ನೋಡಿಕೊಂಡಿದ್ದಾರೆ. ಎಲ್ಲರೂ ಹೀಗೆ ಮಾಡುವುದಿಲ್ಲ. ಮೊದಲು ಚಿತ್ರಗಳನ್ನು ತಿರುಗಿಸಿ, ಮಗುಚಿ ಸಂಖ್ಯೆ ಹೆಚ್ಚಿಸಿಕೊಂಡು ಆಮೇಲೆ ಎರಡು ಗುಂಪು ಮಾಡಿದರೆ, ಅದೇ ಎಲೆ ಎರಡೂ ಕಡೆ ಕೂರುತ್ತದೆ. ಪಾಠದಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೊಟ್ಟ ಹಾಗೆ. ಹೀಗೆ ಬಂದ ಶೇ 99.8ನ್ನು ಎಚ್ಚರಿಕೆಯಿಂದ ಬಂದ ಶೇ 99.35ಕ್ಕಿಂತ ಮೇಲೆಂದು ಸರ್ವೆಯಲ್ಲಿ ಬರೆಯುವುದು ತಪ್ಪು. ಪೇಪರಿನ ವಿಧಾನದ ಭಾಗದಲ್ಲಿ ಗುಂಪು ಹೇಗೆ ಮಾಡಿದರೆಂದು ಹೇಳಿಲ್ಲದಿದ್ದರೆ, ‘ವಿವರ ಕೊಟ್ಟಿಲ್ಲ’ ಎಂದು ಕೋಷ್ಟಕದಲ್ಲಿ ಹಾಗೆಯೇ ಬರೆದುಕೊಳ್ಳಿ.

ಈಗ ಗ್ಯಾಪಿಗೆ ಬರೋಣ. ‘ಕೋಲಾರದಲ್ಲಿ ಇದನ್ನು ಯಾರೂ ಮಾಡಿಲ್ಲ’ ಎಂಬುದು ವಿದ್ಯಾರ್ಥಿಗಳು ಬರೆಯುವ ಮೊದಲ ಗ್ಯಾಪ್. ಊರಿನ ಹೆಸರು ಬದಲಾದದ್ದು ಗ್ಯಾಪ್ ಆಗುವುದಿಲ್ಲ. ಕೋಲಾರದಲ್ಲಿ ಮಾಡಿದರೆ ಫಲಿತಾಂಶ ಯಾಕೆ ಬೇರೆಯಾಗಬಹುದು ಎಂದು ತೋರಿಸಿದಾಗ ಮಾತ್ರ ಅದಕ್ಕೆ ತೂಕ ಬರುತ್ತದೆ. ಆ ಕಾರಣ ಕಂಪ್ಯೂಟರ್ ಪೇಪರುಗಳಲ್ಲಿ ಸಿಗುವುದಿಲ್ಲ, ಸಸ್ಯರೋಗದ ಬರಹಗಳಲ್ಲಿ ಸಿಗುತ್ತದೆ. ಪ್ಲಾಂಟ್‌ವಿಲೇಜ್‌ನಲ್ಲಿ ಟೊಮೆಟೊಗೆ 10 ವರ್ಗಗಳಿವೆ, ಒಂದು ಆರೋಗ್ಯವಂತ ಎಲೆ, ಉಳಿದ ಒಂಬತ್ತು ರೋಗ ಮತ್ತು ನುಸಿ. ನಮ್ಮ ಕಡೆ ಟೊಮೆಟೊವನ್ನು ಕಾಡುವ ಕಡಲೆಕಾಯಿ ಬಡ್ ನೆಕ್ರೋಸಿಸ್ ವೈರಸ್ ಅದರಲ್ಲಿಲ್ಲ. 2014ರಲ್ಲಿ ಭಾರತದಲ್ಲಿ ಕಾಣಿಸಿಕೊಂಡ, ಎಲೆಯ ಒಳಪದರ ಕೊರೆಯುವ ಟೂಟಾ ಕೀಟದ ಹಾನಿಯೂ ಇಲ್ಲ.

ಇಲ್ಲದಿದ್ದರೆ ಏನಾಗುತ್ತದೆ? ಹತ್ತು ಹೆಸರುಗಳಲ್ಲಿ ಒಂದನ್ನು ಹೇಳಲೇಬೇಕು ಎಂದು ಕಟ್ಟಿದ ಮಾದರಿಗೆ ‘ಗೊತ್ತಿಲ್ಲ’ ಎನ್ನಲು ಬರುವುದಿಲ್ಲ. ಥ್ರಿಪ್ಸ್ ಹರಡುವ ಈ ವೈರಸ್ಸಿನಿಂದ ಎಲೆಯ ಮೇಲೆ ಕಂದು ಕಲೆ ಎದ್ದಿದ್ದರೆ, ಮಾದರಿ ಅದನ್ನು ಶಿಲೀಂಧ್ರದಿಂದ ಬರುವ ಅಂಗಮಾರಿ ಎಂದು ಹೇಳಿಬಿಡಬಹುದು. ರೈತರು ಶಿಲೀಂಧ್ರನಾಶಕ ತಂದು ಹೊಡೆಯುತ್ತಾರೆ. ವೈರಸ್ಸಿಗೆ ಅದು ತಾಗುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ಗ್ಯಾಪನ್ನು ಹೇಳುವಾಗ ಅದನ್ನು ಹಾಗೇ ಬಿಟ್ಟರೆ ಯಾರಿಗೆ ಏನು ನಷ್ಟ ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಪರೀಕ್ಷಕರು ‘ಯಾರೂ ಮಾಡಿಲ್ಲ ಸರಿ, ಮಾಡುವ ಅಗತ್ಯವಾದರೂ ಏನಿತ್ತು?’ ಎಂದು ಕೇಳುತ್ತಾರೆ. ಕೇಳುವುದು ನ್ಯಾಯವೂ ಹೌದು.

ಸಮಸ್ಯೆಯನ್ನು ಸಮರ್ಥಿಸುವುದು ಬೇರೆ, ಗ್ಯಾಪನ್ನು ಸಮರ್ಥಿಸುವುದು ಬೇರೆ ಎಂಬುದು ಇಲ್ಲಿ ಕಾಣುತ್ತದೆ. ರೈತರಿಗೆ ರೋಗ ತಿಳಿಯದೆ ನಷ್ಟವಾಗುತ್ತಿದೆ ಎನ್ನುವುದು ಸಮಸ್ಯೆ. ಅದಕ್ಕೆ ಪುರಾವೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳ ಪ್ರಕಟಣೆಗಳಲ್ಲಿ ಹುಡುಕಬೇಕು. ಹೊಲದ ಫೋಟೊಗೆ ಮಾದರಿ ಎಷ್ಟು ತಪ್ಪುತ್ತದೆ ಎಂಬುದು ತಿಳಿದಿಲ್ಲ ಎನ್ನುವುದು ಗ್ಯಾಪ್. ‘ಭಾರತ ಕೃಷಿಪ್ರಧಾನ ದೇಶ’ ಎಂದು ಶುರುವಾಗುವ ಪ್ಯಾರಾ ಈ ಎರಡಕ್ಕೂ ಸಹಾಯ ಮಾಡುವುದಿಲ್ಲ. ಅದನ್ನು ಕಣ್ಣು ಮುಚ್ಚಿ ಅಳಿಸಬಹುದು.

‘ಇಲ್ಲ’ ಎನ್ನುವ ಮಾತನ್ನು ಬರೆಯುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಒಂದೇ ಒಂದು ಪೇಪರ್ ಅದನ್ನು ಸುಳ್ಳು ಮಾಡಬಹುದು. ಎಷ್ಟೋ ಸಲ ಕೆಲಸ ಆಗಿರುತ್ತದೆ, ಆದರೆ ವಿದ್ಯಾರ್ಥಿಗಳು ಅದನ್ನು ಆ ಕ್ಷೇತ್ರದವರು ಕರೆಯುವ ಹೆಸರಿನಿಂದ ಹುಡುಕಿರುವುದಿಲ್ಲ. ನಮ್ಮ ತಂಡ ‘ಟೊಮೆಟೊ ಎಲೆ ರೋಗ ಪತ್ತೆ’ ಎಂದಷ್ಟೇ ಹುಡುಕಿದರೆ ಸಾವಿರಾರು ಪೇಪರ್ ಬಂದರೂ ಬೇಕಾದದ್ದು ಮೇಲೆ ಬರುವುದಿಲ್ಲ. ಒಂದು ಕಡೆ ಕಲಿಸಿದ ಮಾದರಿ ಇನ್ನೊಂದು ಕಡೆ ಸೋಲುವುದನ್ನು ಈ ಕ್ಷೇತ್ರದಲ್ಲಿ ‘ಡೊಮೈನ್ ಶಿಫ್ಟ್’ ಎನ್ನುತ್ತಾರೆ. ಆ ಪದ ಒಂದು ಪೇಪರಿನಲ್ಲಿ ಸಿಕ್ಕಿತೆಂದರೆ ಹುಡುಕಾಟದ ಸಾಲು ಹೀಗೆ ಬದಲಾಗುತ್ತದೆ:

```
"tomato" "leaf disease" ("field images" OR "domain shift" OR "in the wild")
```

ಹೀಗೆ ಹುಡುಕಿದರೆ ಐಐಟಿ ಗಾಂಧಿನಗರದವರು 2020ರಲ್ಲಿ ಪ್ರಕಟಿಸಿದ ‘ಪ್ಲಾಂಟ್‌ಡಾಕ್’ ಸಂಗ್ರಹದಂಥವು ಎದುರಾಗುತ್ತವೆ. 13 ಸಸ್ಯಗಳ 2,598 ಚಿತ್ರಗಳನ್ನು ಅಂತರ್ಜಾಲದಿಂದ ಆಯ್ದು, ಸಹಜ ಹಿನ್ನೆಲೆ ಇರುವಂಥವನ್ನು ಸೇರಿಸಿದ್ದಾರೆ. ಇದನ್ನು ಬಿಟ್ಟು ‘ಸಹಜ ಹಿನ್ನೆಲೆಯ ಸಂಗ್ರಹವೇ ಇಲ್ಲ’ ಎಂದು ಬರೆದಿದ್ದರೆ ಇಡೀ ಅಧ್ಯಾಯದ ಮರ್ಯಾದೆ ಹೋಗುತ್ತಿತ್ತು. ಎಲ್ಲಿ ಹುಡುಕಿದೆವು, ಯಾವ ಪದಗಳಿಂದ, ಯಾವ ದಿನಾಂಕದವರೆಗೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಡಿ. ಭಾರತದ ಪಿಎಚ್.ಡಿ. ಪ್ರಬಂಧಗಳಿರುವ ಶೋಧಗಂಗಾವನ್ನೂ ಒಮ್ಮೆ ನೋಡಿ. ನಮ್ಮ ನೆಲದ ರೋಗಗಳ ಬಗ್ಗೆ ಅಲ್ಲಿ ಸಿಗುವಷ್ಟು ವಿವರ ಬೇರೆಡೆ ಸಿಗುವುದು ಕಡಿಮೆ.

ಮುಂದಿನ ಕೆಲಸ ಗ್ಯಾಪನ್ನು ಕಿರಿದಾಗಿಸುವುದು. ಕರ್ನಾಟಕದ ಎಲ್ಲ ಟೊಮೆಟೊ ರೋಗಗಳ ಹೊಸ ಸಂಗ್ರಹ ಮಾಡುವುದು ನಾಲ್ವರು ವಿದ್ಯಾರ್ಥಿಗಳಿಂದ ಎರಡು ಸೆಮಿಸ್ಟರಿನಲ್ಲಿ ಆಗುವ ಮಾತಲ್ಲ. ರೋಗ ಬರುವ ಕಾಲಕ್ಕೆ ಹೊಲದಲ್ಲಿರಬೇಕು, ಪ್ರತಿ ಫೋಟೊಗೂ ತಜ್ಞರು ಹೆಸರು ಬರೆಯಬೇಕು, ವೈರಸ್ ಎಂದು ಖಚಿತವಾಗಬೇಕಾದರೆ ಪ್ರಯೋಗಾಲಯಕ್ಕೂ ಹೋಗಬೇಕು. ಆದರೆ ಎರಡು ಮೂರು ರೋಗಗಳಿಗೆ ಸೀಮಿತವಾಗಿ, ಪ್ಲಾಂಟ್‌ವಿಲೇಜ್‌ನಲ್ಲಿ ಕಲಿತ ಮಾದರಿ ಕೋಲಾರದ ಹೊಲದ ಫೋಟೊಗಳಲ್ಲಿ ಎಷ್ಟು ಸೋಲುತ್ತದೆ, ಕಲಿಕೆಗೆ ಹೊಲದ ಫೋಟೊಗಳನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋದರೆ ಎಷ್ಟಕ್ಕೆ ಸುಧಾರಿಸುತ್ತದೆ ಎಂದು ಅಳೆಯಬಹುದು. ಕೃಷಿ ವಿಜ್ಞಾನ ಕೇಂದ್ರದ ತಜ್ಞರೊಬ್ಬರು ಹೆಸರು ಬರೆದುಕೊಡಲು ಒಪ್ಪಿದರೆ ಇದು ಸಾಧ್ಯವಾಗುವ ಕೆಲಸ.

ಇಷ್ಟೆಲ್ಲ ಓದಿದ್ದು ಕೊನೆಗೆ ಒಂದು ಪ್ಯಾರಾದಲ್ಲಿ ಹೀಗೆ ನಿಲ್ಲಬಹುದು:

‘ಎಲೆಯ ಚಿತ್ರದಿಂದ ರೋಗ ಗುರುತಿಸುವ ಮಾದರಿಗಳು ತಾವು ಕಲಿತ ಸಂಗ್ರಹದ್ದೇ ಚಿತ್ರಗಳಲ್ಲಿ ಪರೀಕ್ಷಿಸಿದಾಗ ಶೇ 99ಕ್ಕೂ ಹೆಚ್ಚು ನಿಖರತೆ ತೋರಿಸಿವೆ [1, 2]. ಆದರೆ ಬೇರೆ ಸ್ಥಿತಿಯಲ್ಲಿ ತೆಗೆದ ಚಿತ್ರಗಳಲ್ಲಿ, ಹಲವು ಬೆಳೆಗಳನ್ನು ಒಟ್ಟಿಗೆ ತೆಗೆದುಕೊಂಡಾಗ, ನಿಖರತೆ ಶೇ 31ರಿಂದ 33ಕ್ಕೆ ಇಳಿದದ್ದನ್ನು ಇದೇ ಅಧ್ಯಯನಗಳು ದಾಖಲಿಸಿವೆ [1, 2]. ಹಿನ್ನೆಲೆಯಲ್ಲೇ ರೋಗದ ಸುಳಿವು ಇರುವುದು ಇದಕ್ಕೆ ಒಂದು ಕಾರಣವಿರಬಹುದು [3]. ಸಹಜ ಹಿನ್ನೆಲೆಯ ಸಂಗ್ರಹವೊಂದು ಲಭ್ಯವಿದ್ದರೂ ಅದರ ಚಿತ್ರಗಳು ಅಂತರ್ಜಾಲದಿಂದ ಆಯ್ದವು [4]. ನಾವು ಹುಡುಕಿದ ಮಟ್ಟಿಗೆ, ಕೋಲಾರದ ತೋಟಗಳಲ್ಲಿ ಫೋನಿನಿಂದ ತೆಗೆದ ಟೊಮೆಟೊ ಚಿತ್ರಗಳಲ್ಲಿ ಈ ಕುಸಿತ ಎಷ್ಟೆಂದು ಅಳೆದ ಅಧ್ಯಯನ ಸಿಗಲಿಲ್ಲ. ಈ ಪ್ರಾಜೆಕ್ಟ್ ಅದನ್ನು ಅಳೆಯುತ್ತದೆ.’

ಬ್ರಿಟಿಷ್ ಭಾಷಾಶಾಸ್ತ್ರಜ್ಞ ಜಾನ್ ಸ್ವೇಲ್ಸ್ 1990ರಲ್ಲಿ ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ವಿಶ್ಲೇಷಿಸಿ, ಅವು ಮೂರು ಹೆಜ್ಜೆಯಲ್ಲಿ ನಡೆಯುತ್ತವೆ ಎಂದು ತೋರಿಸಿದರು. ಮೊದಲು ಕ್ಷೇತ್ರವನ್ನು ಪರಿಚಯಿಸುವುದು, ಆಮೇಲೆ ಅದರಲ್ಲಿ ಖಾಲಿ ಜಾಗ ತೋರಿಸುವುದು, ಕೊನೆಗೆ ಆ ಜಾಗವನ್ನು ತಾವು ತುಂಬುತ್ತೇವೆನ್ನುವುದು. ಮೇಲಿನ ಪ್ಯಾರಾದಲ್ಲಿ ಆ ಮೂರೂ ಇವೆ. ಆದರೆ ಗಮನಿಸಬೇಕಾದದ್ದು ಸಣ್ಣ ಸಣ್ಣ ಮಾತುಗಳನ್ನು. ‘ಹಲವು ಬೆಳೆಗಳನ್ನು ಒಟ್ಟಿಗೆ ತೆಗೆದುಕೊಂಡಾಗ’ ಎಂಬುದು ಬಿಟ್ಟುಹೋದರೆ ಶೇ 31 ಟೊಮೆಟೊ ಒಂದರದೇ ಅಂಕಿ ಎಂದು ಓದುಗರು ತಿಳಿಯುತ್ತಾರೆ, ಅದು ನಿಜವಲ್ಲ. ‘ಕಾರಣವಿರಬಹುದು’ ಎಂದಿದೆ, ‘ಕಾರಣ’ ಎಂದಿಲ್ಲ. 8 ಪಿಕ್ಸೆಲ್‌ಗಳ ಪ್ರಯೋಗ ಹಿನ್ನೆಲೆಯಲ್ಲಿ ಸುಳಿವಿದೆ ಎಂದಷ್ಟೇ ಸಾಬೀತು ಮಾಡಿದೆ. ‘ಸಿಗಲಿಲ್ಲ’ ಎಂದಿದೆ, ‘ಇಲ್ಲ’ ಎಂದಿಲ್ಲ. ಪೇಪರನ್ನು ನಿಜವಾಗಿ ಓದಿದವರು ಯಾರು, ಬೇರೆಯವರ ರಿಪೋರ್ಟಿನಿಂದ ಎತ್ತಿಕೊಂಡವರು ಯಾರು ಎಂಬುದು ಪರೀಕ್ಷಕರಿಗೆ ಗೊತ್ತಾಗುವುದು ಇಂಥ ಕಡೆಯೇ.

ಗ್ಯಾಪ್, ಉದ್ದೇಶ ಮತ್ತು ಪರೀಕ್ಷೆ ಮೂರೂ ಒಂದೇ ಮಾತಾಡುತ್ತಿವೆಯೇ ಎಂದು ಕೊನೆಗೊಮ್ಮೆ ತಾಳೆ ನೋಡಬೇಕು. ಎರಡನೇ ಅಧ್ಯಾಯದಲ್ಲಿ ‘ಹೊಲದ ಚಿತ್ರಗಳಲ್ಲಿ ಮಾದರಿ ಸೋಲುತ್ತದೆ’ ಎಂದು ವಾದಿಸಿ, ಐದನೇ ಅಧ್ಯಾಯದಲ್ಲಿ ಮತ್ತೆ ಪ್ಲಾಂಟ್‌ವಿಲೇಜ್ ಚಿತ್ರಗಳಲ್ಲೇ ಪರೀಕ್ಷಿಸಿ ಶೇ 97 ಎಂದು ಬರೆದರೆ, ತೋರಿಸಿದ ಗ್ಯಾಪ್ ಹಾಗೇ ಉಳಿಯಿತು. ಅದರ ಬದಲು ಹೊಲದ ಚಿತ್ರಗಳಲ್ಲಿ ಶೇ 60 ಬಂತೆಂದು, ಯಾವ ರೋಗವನ್ನು ಯಾವುದೆಂದು ತಪ್ಪು ತಿಳಿಯಿತೆಂದು ಬರೆದ ರಿಪೋರ್ಟ್ ಎಷ್ಟೋ ಪಾಲು ಮೇಲು. ಸಿನಾಪ್ಸಿಸ್ ಬರೆದ ಮೇಲೆ ತಿಂಗಳುಗಟ್ಟಲೆ ಕಳೆದಿರುತ್ತದೆ, ಅಷ್ಟರಲ್ಲಿ ಹೊಸ ಪೇಪರ್ ಬಂದಿರಬಹುದು. ರಿಪೋರ್ಟ್ ಬೈಂಡಿಂಗಿಗೆ ಕೊಡುವ ಮೊದಲು ಅದೇ ಪದಗಳಿಂದ ಇನ್ನೊಮ್ಮೆ ಹುಡುಕಿ, ದಿನಾಂಕ ತಿದ್ದಿ. ಯಾರಾದರೂ ನಿಮ್ಮ ಗ್ಯಾಪನ್ನು ಮುಟ್ಟಿದ್ದರೆ ಅವರ ಹೆಸರು ಹಾಕಿ, ನಿಮ್ಮದು ಎಲ್ಲಿ ಬೇರೆ ಎಂದು ಬರೆಯಿರಿ.

ಗೈಡ್‌ಗಳಲ್ಲಿ ಒಂದು ವಿನಂತಿ. ಮೊದಲ ರಿವ್ಯೂನಲ್ಲಿ ‘ಕನಿಷ್ಠ 20 ಪೇಪರ್ ಇರಬೇಕು’ ಎಂದು ಕೇಳುವುದನ್ನು ಬಿಡಿ. ಆ ಸಂಖ್ಯೆ ತುಂಬಿಸಲು ಮಕ್ಕಳು ಅಬ್‌ಸ್ಟ್ರ್ಯಾಕ್ಟ್‌ಗಳನ್ನು ಅಂಟಿಸುತ್ತಾರೆ, ಅಷ್ಟೇ. ಅದರ ಬದಲು ಒಂದು ಹಾಳೆಯ ಕೋಷ್ಟಕವನ್ನೂ, ಗ್ಯಾಪ್ ಹೇಳುವ ಒಂದು ಪ್ಯಾರಾವನ್ನೂ ತರಲು ಹೇಳಿ. ಅದರಲ್ಲಿ ಯಾವುದಾದರೂ ಒಂದು ಪೇಪರ್ ತೋರಿಸಿ, ಅದರ ಪರೀಕ್ಷೆಯ ಚಿತ್ರಗಳು ಎಲ್ಲಿಂದ ಬಂದವು ಎಂದು ಕೇಳಿ.